ಎಡ ಮಗ್ಗುಲೋ ಬಲ ಮಗ್ಗುಲೋ: ಎದೆಯುರಿ, ಗೊರಕೆ ಮತ್ತು ಭುಜದ ನೋವಿನ ನಡುವೆ

ಪ್ರಶ್ನೆ: ನನಗೆ 47 ವರ್ಷ. ಬಲ ಮಗ್ಗುಲಿಗೆ ಮಲಗುವುದು ಮೊದಲಿನಿಂದಲೂ ರೂಢಿ. ಈಚೆಗೆ ಮಲಗಿದ ಒಂದೆರಡು ಗಂಟೆಯಲ್ಲಿ ಹುಳಿ ನೀರು ಗಂಟಲಿಗೆ ಬಂದು ಎಚ್ಚರವಾಗುತ್ತದೆ. ಎಡಕ್ಕೆ ತಿರುಗಿದರೆ ಕಡಿಮೆಯಾಗುತ್ತದೆ. ಆದರೆ ಸ್ವಲ್ಪ ಹೊತ್ತಿಗೇ ಎಡ ಭುಜ ನೋಯುತ್ತದೆ, ಎದೆಬಡಿತ ಕಿವಿಗೆ ಕೇಳಿಸಿದಂತಾಗುತ್ತದೆ. ಅಂಗಾತ ಮಲಗಿದರೆ ಗೊರಕೆ ಜೋರಾಗಿ ಹೆಂಡತಿ ಎಬ್ಬಿಸುತ್ತಾಳೆ. ಎಡಕ್ಕೆ ಮಲಗಿದರೆ ಹೃದಯಕ್ಕೆ ಭಾರ, ಬಲಕ್ಕೆ ಮಲಗಿದರೆ ಊಟ ಬೇಗ ಜೀರ್ಣ ಎಂದು ಕೆಲವರು ಹೇಳುತ್ತಾರೆ. ನಾನು ಯಾವ ಮಗ್ಗುಲಿಗೆ ಮಲಗಬೇಕು?

ಉತ್ತರ: ಎಡಕ್ಕೆ ಮಲಗಿ. ರಾತ್ರಿಯಿಡೀ ಆಗದಿದ್ದರೆ ಮೊದಲ ಮೂರು ನಾಲ್ಕು ಗಂಟೆಯಾದರೂ ಎಡಕ್ಕೇ ಇರಿ. ಭುಜದ ನೋವು ನಿಮ್ಮನ್ನು ಎಡದಿಂದ ಓಡಿಸುತ್ತಿದೆ. ಹಾಗಾಗಿ ಈ ಸಮಸ್ಯೆಯಲ್ಲಿ ಮೊದಲು ಸರಿಪಡಿಸಬೇಕಾದದ್ದು ಹೊಟ್ಟೆಯನ್ನಲ್ಲ, ಭುಜವನ್ನು. ಅದು ಹೇಗೆ ಎಂಬುದಕ್ಕೆ ಆಮೇಲೆ ಬರುತ್ತೇನೆ. ಎಡ ಯಾಕೆ ಎಂಬುದು ಮೊದಲು ಸ್ಪಷ್ಟವಾಗಬೇಕು. ಕಾರಣ ತಿಳಿಯದೆ ಹಿಡಿದ ಅಭ್ಯಾಸ ಎರಡು ದಿನಕ್ಕೆ ಬಿಟ್ಟುಹೋಗುತ್ತದೆ.

ಜಠರ ನಮ್ಮ ಹೊಟ್ಟೆಯ ನಟ್ಟನಡುವೆ ಇಲ್ಲ. ಅದರ ಬಹುಭಾಗ ಮೇಲ್ಹೊಟ್ಟೆಯ ಎಡಗಡೆ, ಪಕ್ಕೆಲುಬುಗಳ ಮರೆಯಲ್ಲಿದೆ. ಅನ್ನನಾಳ ಎದೆಯಿಂದ ಇಳಿದು, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯಾದ ವಪೆಯನ್ನು ದಾಟಿ, ಜಠರದ ಬಲ ಅಂಚಿಗೆ ಬಂದು ಕೂಡುತ್ತದೆ. ಕೂಡುವ ಜಾಗದಿಂದ ಎಡಕ್ಕೆ ಜಠರದ ಮೇಲ್ಭಾಗ ಗುಮ್ಮಟದಂತೆ ಉಬ್ಬಿ ನಿಂತಿರುತ್ತದೆ. ಅಲ್ಲಿಂದ ಜಠರ ಕೆಳಕ್ಕೆ ಬಾಗಿ, ಬಲಕ್ಕೆ ತಿರುಗಿ, ಸಣ್ಣ ಕರುಳಿನ ಬಾಗಿಲಿಗೆ ತಲುಪುತ್ತದೆ. ಅಂದರೆ ಆಹಾರ ಒಳಬರುವ ದಾರಿಯೂ ಹೊರಹೋಗುವ ದಾರಿಯೂ ಬಲ ಅಂಚಿನಲ್ಲಿವೆ, ದೊಡ್ಡ ಚೀಲದ ಭಾಗ ಎಡಕ್ಕೆ ಜೋತಿದೆ. ಮಗ್ಗುಲಿನ ಪ್ರಶ್ನೆಗೆ ಉತ್ತರ ಈ ಓರೆ ರಚನೆಯಲ್ಲೇ ಇದೆ.

ನೀವು ಎಡಕ್ಕೆ ಮಲಗಿದಾಗ ಆ ದೊಡ್ಡ ಚೀಲ ಕೆಳಗೆ ಬರುತ್ತದೆ, ಅನ್ನನಾಳ ಕೂಡುವ ಜಾಗ ಅದಕ್ಕಿಂತ ಎತ್ತರದಲ್ಲಿ ಉಳಿಯುತ್ತದೆ. ಉಂಡ ಆಹಾರ ಮತ್ತು ಆಮ್ಲ ತಗ್ಗಿನಲ್ಲಿ ನಿಲ್ಲುತ್ತವೆ, ಅನ್ನನಾಳದ ಬಾಗಿಲ ಬಳಿ ಗಾಳಿ ತುಂಬಿರುತ್ತದೆ. ಬಲಕ್ಕೆ ಮಲಗಿದಾಗ ಇದು ತಿರುಗುಮುರುಗಾಗುತ್ತದೆ. ಗಾಳಿ ಎಡಗಡೆಯ ಗುಮ್ಮಟಕ್ಕೆ ಏರಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ದ್ರವ ಇಳಿದು ಬಾಗಿಲನ್ನೇ ಮುಳುಗಿಸುತ್ತದೆ. ಅರ್ಧ ತುಂಬಿದ ಬಾಟಲಿಯನ್ನು ಅಡ್ಡ ಮಲಗಿಸಿ, ಬಾಯಿ ನೀರಿನ ಮಟ್ಟಕ್ಕಿಂತ ಮೇಲಿರುವಂತೆ ಓರೆ ಮಾಡಿದರೆ ಮುಚ್ಚಳ ಸಡಿಲವಿದ್ದರೂ ಚೆಲ್ಲುವುದಿಲ್ಲ. ಬಾಯಿ ಕೆಳಗಾದರೆ ಅದೇ ಸಡಿಲ ಮುಚ್ಚಳದಿಂದ ಸೋರುತ್ತದೆ.

ಎಡಕ್ಕೆ ಹೊರಳಿದ ಸ್ವಲ್ಪ ಹೊತ್ತಿಗೆ ಒಂದೆರಡು ತೇಗು ಬಂದರೆ ಗಾಬರಿಯಾಗಬೇಡಿ. ಬಾಗಿಲ ಬಳಿ ಸೇರಿದ ಗಾಳಿ ಹೊರಬರುತ್ತಿದೆ, ಅಷ್ಟೆ. ಒಣ ತೇಗು ಒಳ್ಳೆಯ ಲಕ್ಷಣ. ತೇಗಿನ ಜೊತೆ ಹುಳಿ ನೀರು ಬಂದರೆ ಮಾತ್ರ ಲೆಕ್ಕ ಬೇರೆ.

ಆ ಸಡಿಲ ಮುಚ್ಚಳದ ಬಗ್ಗೆಯೂ ಒಂದು ಮಾತು. ಅನ್ನನಾಳದ ಬುಡದಲ್ಲಿ ಸ್ನಾಯುವಿನ ಒಂದು ಉಂಗುರವಿದೆ. ನುಂಗುವಾಗ ಅದು ಸಡಿಲವಾಗುತ್ತದೆ, ಉಳಿದ ಹೊತ್ತು ಬಿಗಿಯಾಗಿರುತ್ತದೆ. ಊಟದ ನಂತರ ಜಠರ ಹಿಗ್ಗಿದಾಗ, ಏನನ್ನೂ ನುಂಗದೆ ಇರುವಾಗಲೂ ಅದು ಆಗಾಗ ಕೆಲವು ಸೆಕೆಂಡು ತಾನಾಗಿ ಸಡಿಲಗೊಳ್ಳುತ್ತದೆ. ಎಲ್ಲರಲ್ಲೂ ಹೀಗಾಗುತ್ತದೆ, ತೇಗು ಬರುವುದೇ ಇದರಿಂದ. ವಪೆಯ ಕಿಂಡಿ ಅಗಲವಾಗಿ ಜಠರದ ತುದಿ ಎದೆಯೊಳಕ್ಕೆ ಜಾರಿರುವವರಲ್ಲಿ, ಅಂದರೆ ಹಯಾಟಸ್ ಹರ್ನಿಯಾ ಇರುವವರಲ್ಲಿ, ಬಿಗಿಯೇ ಕಡಿಮೆ. ಹೊಟ್ಟೆಯ ಬೊಜ್ಜು ಇದ್ದರೆ ಒಳಗಿನ ಒತ್ತಡ ಜಾಸ್ತಿ. ಮಗ್ಗುಲು ಬದಲಿಸುವುದರಿಂದ ಇವು ಯಾವುವೂ ವಾಸಿಯಾಗುವುದಿಲ್ಲ. ಉಂಗುರ ಸಡಿಲವಾದ ಆ ಹೊತ್ತಿನಲ್ಲಿ ಬಾಗಿಲ ಮುಂದೆ ಗಾಳಿ ಇರಬೇಕೋ ಆಮ್ಲ ಇರಬೇಕೋ ಎಂಬುದನ್ನು ಮಾತ್ರ ಮಗ್ಗುಲು ತೀರ್ಮಾನಿಸುತ್ತದೆ.

ಇದನ್ನು ಅಳೆದೂ ನೋಡಿದ್ದಾರೆ. ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡಾಮ್‌ನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 57 ಜನರ ಅನ್ನನಾಳದಲ್ಲಿ ಆಮ್ಲ ಅಳೆಯುವ ತೆಳು ನಳಿಕೆ ಇರಿಸಿ, ರಾತ್ರಿ ಅವರು ಯಾವ ಭಂಗಿಯಲ್ಲಿ ಮಲಗಿದ್ದಾರೆ ಎಂಬುದನ್ನೂ ಜೊತೆಗೇ ದಾಖಲಿಸಿದರು. ಆಮ್ಲ ಮೇಲೇರಿದ ಸಲಗಳ ಲೆಕ್ಕದಲ್ಲಿ ಭಂಗಿಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಏರಿದ ಆಮ್ಲ ಇಳಿದುಹೋಗಲು ತೆಗೆದುಕೊಂಡ ಸಮಯದಲ್ಲಿ ವ್ಯತ್ಯಾಸ ಎದ್ದು ಕಂಡಿತು. ಎಡಕ್ಕೆ ಮಲಗಿದಾಗ ಸುಮಾರು 35 ಸೆಕೆಂಡು, ಅಂಗಾತ ಮಲಗಿದಾಗ 76, ಬಲಕ್ಕೆ ಮಲಗಿದಾಗ 90. ನಿಮ್ಮ ಪ್ರಶ್ನೆಗೆ ಇಷ್ಟು ನೇರವಾಗಿ ಹೊಂದುವ ಅಂಕಿ ನನಗೆ ಬೇರೆ ಕಂಡಿಲ್ಲ.

ಕೆಲವು ಸೆಕೆಂಡುಗಳ ಅಂತರಕ್ಕೆ ಯಾಕಿಷ್ಟು ಮಹತ್ವ ಎಂದು ನಿಮಗೆ ಅನ್ನಿಸಬಹುದು. ಹಗಲಿನಲ್ಲಿ ಆಮ್ಲ ಸ್ವಲ್ಪ ಮೇಲೇರಿದರೆ ನಮಗೆ ಅರಿವಿಲ್ಲದೆಯೇ ಎಂಜಲು ನುಂಗುತ್ತೇವೆ. ನುಂಗಿದೊಡನೆ ಅನ್ನನಾಳ ಮೇಲಿನಿಂದ ಕೆಳಕ್ಕೆ ಹಿಂಡಿ ಆಮ್ಲವನ್ನು ತಳ್ಳುತ್ತದೆ, ಎಂಜಲಿನಲ್ಲಿರುವ ಬೈಕಾರ್ಬನೇಟ್ ಉಳಿದ ಹುಳಿಯನ್ನು ತೊಳೆಯುತ್ತದೆ. ನಿಂತಿದ್ದರೆ, ಕೂತಿದ್ದರೆ ಭೂಮಿಯ ಸೆಳೆತವೂ ನೆರವಿಗೆ ಬರುತ್ತದೆ. ಗಾಢ ನಿದ್ದೆಯಲ್ಲಿ ಎಂಜಲು ಊರುವುದು ಹೆಚ್ಚುಕಡಿಮೆ ನಿಂತುಬಿಡುತ್ತದೆ, ನುಂಗುವುದು ಅಪರೂಪವಾಗುತ್ತದೆ, ಸೆಳೆತ ಕೆಲಸಕ್ಕೆ ಬರುವುದಿಲ್ಲ. ಏರಿದ ಆಮ್ಲ ಏರಿದಲ್ಲೇ ಕೂತು ಗೋಡೆಯನ್ನು ಸುಡುತ್ತದೆ. ರಾತ್ರಿಯ ಎದೆಯುರಿ ಹಗಲಿನದಕ್ಕಿಂತ ಹೆಚ್ಚು ಗಾಯ ಮಾಡುವುದು ಈ ಕಾರಣಕ್ಕೆ. ಆಗ ಆಮ್ಲವನ್ನು ಹಿಂದಕ್ಕೆ ಕರೆದುಕೊಳ್ಳಲು ಉಳಿಯುವ ಒಂದೇ ಸುಲಭ ದಾರಿಯೆಂದರೆ ಇಳಿಜಾರು. ಎಡ ಮಗ್ಗುಲು ಅದನ್ನು ಒದಗಿಸುತ್ತದೆ.

ಬಲಕ್ಕೆ ಮಲಗಿದರೆ ಊಟ ಬೇಗ ಕೆಳಗಿಳಿಯುತ್ತದೆ ಎಂದು ನೀವು ಕೇಳಿರುವುದು ಸುಳ್ಳಲ್ಲ. ಸಣ್ಣ ಕರುಳಿನ ಬಾಗಿಲು ಬಲಕ್ಕಿರುವುದರಿಂದ ಜಠರ ಸ್ವಲ್ಪ ಬೇಗ ಖಾಲಿಯಾಗುತ್ತದೆ. ಆದರೆ ಖಾಲಿಯಾಗುವವರೆಗೂ ಆ ದ್ರವ ಅನ್ನನಾಳದ ಬಾಯಲ್ಲೇ ನಿಂತಿರುತ್ತದಲ್ಲ! ಬಲಕ್ಕೆ ಮಲಗಿದಾಗ ಉಂಗುರ ತಾನಾಗಿ ಸಡಿಲಗೊಳ್ಳುವುದೂ ಹೆಚ್ಚು ಎಂದು ಆರೋಗ್ಯವಂತರ ಮೇಲೆ ನಡೆದ ಅಧ್ಯಯನಗಳು ತೋರಿಸಿವೆ. ಎದೆಯುರಿ ಇಲ್ಲದವರಿಗೆ ಇದು ಲೆಕ್ಕಕ್ಕೆ ಬರುವ ವಿಷಯವಲ್ಲ, ಅವರು ತಮಗೆ ಹಿತವಾದ ಮಗ್ಗುಲಿಗೆ ಮಲಗಲಿ. ಹುಳಿ ನೀರಿನಿಂದ ಎಚ್ಚರಗೊಳ್ಳುವ ನಿಮಗೆ ಬೇಗ ಖಾಲಿಯಾಗುವ ಲಾಭಕ್ಕಿಂತ ಬಾಯಿ ಮುಳುಗುವ ನಷ್ಟ ದೊಡ್ಡದು. ಬೇಗ ಖಾಲಿಯಾಗಬೇಕೆಂದರೆ ಅದಕ್ಕೆ ಬೇರೆ ದಾರಿಯಿದೆ: ಊಟಕ್ಕೂ ಹಾಸಿಗೆಗೂ ನಡುವೆ ಮೂರು ಗಂಟೆ ಬಿಡಿ. ಆ ಹೊತ್ತಿನಲ್ಲಿ ನೆಟ್ಟಗೆ ಕೂತಿರಿ ಅಥವಾ ಓಡಾಡಿ. ಸೋಫಾದಲ್ಲಿ ಒರಗಿ ಕೂರುವುದು ಇದರ ಲೆಕ್ಕಕ್ಕೆ ಸೇರುವುದಿಲ್ಲ, ಹೊಟ್ಟೆ ಮಡಿಚಿ ಒತ್ತಡ ಇನ್ನೂ ಹೆಚ್ಚುತ್ತದೆ.

ಇನ್ನು ಹೃದಯದ ಮಾತು. ಎಡಕ್ಕೆ ಮಲಗಿದಾಗ ಹೃದಯ ತುಸು ಪಕ್ಕಕ್ಕೆ ಜಾರಿ ಅದರ ತುದಿ ಎದೆಗೂಡಿನ ಗೋಡೆಗೆ ಹತ್ತಿರವಾಗುತ್ತದೆ. ಜೊತೆಗೆ ಕಿವಿ ದಿಂಬಿಗೆ ಒತ್ತಿರುತ್ತದೆ, ಕೋಣೆ ನಿಶ್ಶಬ್ದವಾಗಿರುತ್ತದೆ. ಬಡಿತ ಕೇಳಿಸುವುದಕ್ಕೆ ಇಷ್ಟು ಸಾಕು. ಬಡಿತ ಹೆಚ್ಚಾಗಿಲ್ಲ, ಹತ್ತಿರವಾಗಿದೆ. ಬೇಕಿದ್ದರೆ ಮಣಿಕಟ್ಟಿನಲ್ಲಿ ನಾಡಿ ಹಿಡಿದು ಎರಡೂ ಮಗ್ಗುಲಲ್ಲಿ ಒಂದೊಂದು ನಿಮಿಷ ಎಣಿಸಿ ನೋಡಿ, ಸಂಖ್ಯೆಯಲ್ಲಿ ಹೇಳುವಂಥ ಅಂತರ ಇರುವುದಿಲ್ಲ. ಆರೋಗ್ಯವಂತ ಹೃದಯಕ್ಕೆ ಎಡ ಮಗ್ಗುಲಿನಿಂದ ಯಾವ ಹಾನಿಯೂ ಇಲ್ಲ. ಆದರೆ ಹೃದಯದ ಪಂಪು ದುರ್ಬಲವಾಗಿರುವ, ಅಂದರೆ ಹಾರ್ಟ್ ಫೇಲ್ಯೂರ್ ಇರುವ ಹಲವರಿಗೆ ಎಡಕ್ಕೆ ಮಲಗಿದರೆ ನಿಜವಾಗಿಯೂ ಉಸಿರು ಕಟ್ಟುತ್ತದೆ, ಅವರು ತಾವಾಗಿಯೇ ಬಲಕ್ಕೆ ಹೊರಳುತ್ತಾರೆ. ಅಂಥವರನ್ನು ಎದೆಯುರಿಯ ಹೆಸರಿನಲ್ಲಿ ಎಡಕ್ಕೆ ಮಲಗಲು ಒತ್ತಾಯಿಸಬಾರದು. ನಿಮಗೂ ಬಡಿತ ಕೇಳಿಸುವುದರ ಜೊತೆ ಉಸಿರಾಟ ಕಷ್ಟವಾದರೆ, ಕಾಲು ಊದಿದ್ದರೆ, ಬಡಿತ ತಾಳ ತಪ್ಪಿದಂತೆ ಅನ್ನಿಸಿದರೆ, ಮಗ್ಗುಲಿನ ವಿಚಾರ ಬದಿಗಿಟ್ಟು ಮೊದಲು ಹೃದಯ ತೋರಿಸಿಕೊಳ್ಳಿ.

ಈಗ ಭುಜಕ್ಕೆ ಬರೋಣ. ಎಡಕ್ಕೆ ಮಲಗಲು ಹೇಳಿಸಿಕೊಂಡವರಲ್ಲಿ ಬಹಳ ಮಂದಿ ಕೈಬಿಡುವುದು ಇಲ್ಲಿಯೇ.

ಮಗ್ಗುಲಾಗಿ ಮಲಗಿದಾಗ ಮೈಯ ಮೇಲ್ಭಾಗದ ಭಾರವೆಲ್ಲ ಭುಜದ ತುದಿಯ ಸಣ್ಣ ಜಾಗದ ಮೇಲೆ ಬೀಳುತ್ತದೆ. ಆ ತುದಿಯ ಮೂಳೆಯ ಕೆಳಗೆ ತೋಳನ್ನು ಎತ್ತುವ ಸ್ನಾಯುರಜ್ಜುಗಳು ಹಾದುಹೋಗುತ್ತವೆ. ನಲವತ್ತು ದಾಟಿದ ಮೇಲೆ ಇವು ಸವೆಯತೊಡಗಿರುವುದು ಸಾಮಾನ್ಯ. ತೋಳನ್ನು ದಿಂಬಿನ ಕೆಳಗೆ ತೂರಿಸಿ ಮಲಗುವ ಅಭ್ಯಾಸವಿದ್ದರೆ ಇವು ಮೂಳೆಗಳ ನಡುವೆ ಇನ್ನಷ್ಟು ಹಿಂಡಿಕೊಳ್ಳುತ್ತವೆ. ನಿಮಗೆ ಆ ಅಭ್ಯಾಸ ಇದೆಯೇ ಎಂದು ಮೊದಲು ಗಮನಿಸಿ. ಇದ್ದರೆ ಬಿಡಿ. ತೋಳು ಭುಜದ ಮಟ್ಟಕ್ಕಿಂತ ಕೆಳಗೆ, ಎದೆಯ ಮುಂದೆ ಇರಲಿ.

ಮಲಗುವ ಕ್ರಮ ಹೀಗಿರಲಿ. ಎಡಕ್ಕೆ ಹೊರಳಿದ ಮೇಲೆ ಬಲಗೈಯಿಂದ ಎಡ ತೋಳಿನ ಮೇಲ್ಭಾಗವನ್ನು ಹಿಡಿದು ಭುಜವನ್ನು ಒಂದೆರಡು ಇಂಚು ಮುಂದಕ್ಕೆ ಎಳೆದುಕೊಳ್ಳಿ. ಆಗ ಭಾರ ಭುಜದ ತುದಿಯಿಂದ ಸರಿದು ಹಿಂಭಾಗದ ಹೆಗಲೆಲುಬಿನ ಚಪ್ಪಟೆ ಜಾಗಕ್ಕೆ ಹೋಗುತ್ತದೆ. ಮುಂಡ ತುಸು ಹಿಂದಕ್ಕೆ ವಾಲುತ್ತದೆ, ಅಷ್ಟು ವಾಲಿದರೆ ತೊಂದರೆಯಿಲ್ಲ. ಬೆನ್ನಿಗೆ ಗಟ್ಟಿಯಾದ ಉದ್ದ ದಿಂಬು ಒತ್ತಿರಲಿ, ವಾಲಿದ ಮೈ ಅದಕ್ಕೆ ಒರಗಲಿ. ಎದೆಯ ಮುಂದೆ ಇನ್ನೊಂದು ದಪ್ಪ ದಿಂಬಿಟ್ಟು ಬಲಗೈಯನ್ನು ಅದರ ಮೇಲೆ ಹಾಕಿ, ಇಲ್ಲವಾದರೆ ಆ ಕೈಯ ಭಾರ ಮೇಲಿನ ಭುಜವನ್ನೂ ಎಳೆದು ನೋಯಿಸುತ್ತದೆ. ಮಂಡಿಗಳ ನಡುವೆ ಮೂರನೆಯದು. ಮಂಡಿಗಳನ್ನು ಸ್ವಲ್ಪ ಮಡಿಸಿದರೆ ಸಾಕು, ಹೊಟ್ಟೆಗೆ ತಾಗುವಷ್ಟು ಮುದುಡಿಕೊಂಡರೆ ಜಠರದ ಮೇಲೆ ಒತ್ತಡ ಬಿದ್ದು ಎಡ ಮಗ್ಗುಲಿನ ಪ್ರಯೋಜನವೇ ಕಡಿಮೆಯಾಗುತ್ತದೆ.

ತಲೆದಿಂಬಿನ ಎತ್ತರ ಕಿವಿಯಿಂದ ಭುಜದ ತುದಿಯವರೆಗಿನ ಅಂತರವನ್ನು ತುಂಬುವಷ್ಟಿರಬೇಕು. ಅಂಗಾತ ಮಲಗಲು ಹೊಂದುವ ತೆಳು ದಿಂಬು ಮಗ್ಗುಲಿಗೆ ಸಾಲದು. ತಲೆ ಕೆಳಗೆ ಜೋತರೆ ಕುತ್ತಿಗೆಯ ಭಾರವೂ ಭುಜಕ್ಕೇ ಬೀಳುತ್ತದೆ. ಮಲಗಿದ ಮೇಲೆ ಮುಂದಿನಿಂದ ಒಂದು ಫೋಟೊ ತೆಗೆಸಿ ನೋಡಿ: ಮೂಗು, ಗಲ್ಲ, ಎದೆಮೂಳೆ ಮೂರೂ ಒಂದೇ ನೇರದಲ್ಲಿದ್ದರೆ ಎತ್ತರ ಸರಿ. ಹಾಸಿಗೆ ತೀರ ಗಟ್ಟಿಯಿದ್ದರೆ ಭುಜಕ್ಕೆ ತಗ್ಗು ಸಿಗುವುದಿಲ್ಲ. ಹೊಸ ಹಾಸಿಗೆ ಕೊಳ್ಳುವ ಮೊದಲು ಒಂದು ಉಪಾಯ ಮಾಡಿ ನೋಡಿ. ಹೊದಿಕೆಯೊಂದನ್ನು ಎರಡು ಮೂರು ಪದರ ಮಡಿಸಿ, ಕಂಕುಳಿನ ಕೆಳಗಿನಿಂದ ಸೊಂಟದವರೆಗೆ ಪಕ್ಕೆಯಡಿ ಹಾಸಿ. ಪಕ್ಕೆ ಸ್ವಲ್ಪ ಎತ್ತರಿಸಿದಾಗ ತಲೆದಿಂಬಿಗೂ ಹೊದಿಕೆಗೂ ನಡುವಿನ ಸಂದಿನಲ್ಲಿ ಭುಜ ಹಗುರಾಗಿ ಕೂರುತ್ತದೆ. ನನ್ನ ಬಳಿ ಬರುವ ಭುಜನೋವಿನವರಿಗೆ ಬೇರೆಲ್ಲಕ್ಕಿಂತ ಹೆಚ್ಚು ಒಗ್ಗಿರುವುದು ಈ ಮಡಿಸಿದ ಹೊದಿಕೆಯೇ. ಇಷ್ಟೆಲ್ಲ ಮಾಡಿದರೂ ರಾತ್ರಿ ನೋವು ಮುಂದುವರಿದರೆ, ಹಗಲಿನಲ್ಲಿ ಕೈ ಮೇಲೆತ್ತಲು ಅಥವಾ ಬೆನ್ನ ಹಿಂದೆ ತಿರುಗಿಸಲು ಕಷ್ಟವಾದರೆ, ಭುಜಕ್ಕೇ ಚಿಕಿತ್ಸೆ ಬೇಕಾಗಿದೆ ಎಂದರ್ಥ.

ಬೆನ್ನಿನ ಉದ್ದ ದಿಂಬು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ನಾವೆಲ್ಲ ನಿದ್ದೆಯಲ್ಲಿ ಹಲವು ಸಲ ಹೊರಳುತ್ತೇವೆ, ಎಡಕ್ಕೆ ಮಲಗಿದವರು ಎಡಕ್ಕೇ ಏಳುವುದು ಅಪರೂಪ. ಎಡದಿಂದ ಬಲಕ್ಕೆ ಹೋಗಲು ಸಾಮಾನ್ಯವಾಗಿ ಅಂಗಾತವನ್ನು ದಾಟಬೇಕು. ಬೆನ್ನ ಹಿಂದೆ ಗಟ್ಟಿ ತಡೆ ಇದ್ದರೆ ಆ ಹೊರಳಾಟ ಅರ್ಧಕ್ಕೇ ನಿಲ್ಲುತ್ತದೆ, ಹಾಗಾಗಿ ನಿಮ್ಮ ಗೊರಕೆಯ ಭಂಗಿಯೂ ಎದೆಯುರಿಯ ಭಂಗಿಯೂ ಒಟ್ಟಿಗೇ ತಪ್ಪುತ್ತವೆ. ಹತ್ತಿ ತುಂಬಿದ ಮೆತ್ತನೆಯ ದಿಂಬು ಒಂದೇ ತಳ್ಳಿಗೆ ಜರುಗಿಬಿಡುತ್ತದೆ, ಅದು ಸಾಲದು. ಎದೆಗೆ ಅಂಟಿಸಿಕೊಳ್ಳುವ, ಬಲಕ್ಕೆ ತಿರುಗಿದೊಡನೆ ಮೆಲ್ಲಗೆ ಕಂಪಿಸುವ ಸಾಧನವೊಂದನ್ನು 100 ರೋಗಿಗಳ ಮೇಲೆ ಪ್ರಯೋಗಿಸಿದಾಗ, ಕಂಪಿಸುವ ಸಾಧನ ಹಾಕಿಕೊಂಡವರಲ್ಲಿ ಶೇಕಡಾ 44 ಮಂದಿಗೆ ರಾತ್ರಿಯ ತೊಂದರೆ ಗಣನೀಯವಾಗಿ ಇಳಿಯಿತು. ಹೆಸರಿಗಷ್ಟೇ ಸಾಧನ ಹಾಕಿಕೊಂಡವರಲ್ಲಿ ಇದು ಶೇಕಡಾ 24. ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಮಗ್ಗುಲು ನಿಜವಾಗಿಯೂ ಕೆಲಸ ಮಾಡುತ್ತದೆ, ಆದರೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದೊಂದೇ ಸಾಲುವುದಿಲ್ಲ.

ಆದ್ದರಿಂದ ಮಂಚದ ತಲೆಭಾಗವನ್ನೂ ಎತ್ತರಿಸಿ. ತಲೆಯ ಕಡೆಯ ಎರಡು ಕಾಲುಗಳ ಕೆಳಗೆ 15ರಿಂದ 20 ಸೆಂಟಿಮೀಟರ್ ಎತ್ತರದ ಗಟ್ಟಿ ಮರದ ತುಂಡುಗಳನ್ನಿಡಿ. ಇಡೀ ಮಂಚ ಓರೆಯಾಗಬೇಕು. ಎರಡು ಮೂರು ದಿಂಬು ಪೇರಿಸಿದರೆ ತಲೆ ಮಾತ್ರ ಮೇಲಾಗಿ, ಸೊಂಟ ಮಡಿಚಿ, ಹೊಟ್ಟೆಯ ಒತ್ತಡ ಹೆಚ್ಚುತ್ತದೆ. ಅಂಗಡಿಯಲ್ಲಿ ಸಿಗುವ ಇಳಿಜಾರು ದಿಂಬು ಅಂಗಾತ ಮಲಗುವವರಿಗೆ ಹೊಂದುತ್ತದೆ. ಮಗ್ಗುಲಾಗಿ ಮಲಗುವವರಿಗೆ ಅದು ಸೊಂಟದ ಬಳಿ ಮೈಯನ್ನು ಪಕ್ಕಕ್ಕೆ ಬಾಗಿಸುತ್ತದೆ, ಬೆಳಿಗ್ಗೆ ನಡು ಹಿಡಿಯುತ್ತದೆ. ನಿಮಗೆ ಮಂಚ ಎತ್ತರಿಸುವುದೇ ಸರಿ. ಮೊದಲ ವಾರ ಕೆಳಕ್ಕೆ ಜಾರಿದಂತೆ ಅನ್ನಿಸಬಹುದು. ಹಾಗಾದರೆ ಅರ್ಧ ಎತ್ತರದಿಂದ ಶುರುಮಾಡಿ.

ಗೊರಕೆಯ ಲೆಕ್ಕವೇ ಬೇರೆ. ಅಲ್ಲಿ ಎಡ ಬಲ ಎಂಬ ಭೇದ ಚಿಕ್ಕದು, ಅಂಗಾತವೋ ಮಗ್ಗುಲೋ ಎಂಬುದೇ ದೊಡ್ಡದು. ಅಂಗಾತ ಮಲಗಿ ನಿದ್ದೆ ಬಂದೊಡನೆ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ನಾಲಗೆಯ ಬುಡವೂ ಅಂಗುಳಿನ ಮೆದು ಭಾಗವೂ ಹಿಂದಕ್ಕೆ ಕುಸಿದು ಉಸಿರಿನ ದಾರಿ ಕಿರಿದಾಗುತ್ತದೆ. ಆ ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಮೆದು ಭಾಗ ಅದುರುವುದೇ ಗೊರಕೆ. ಮಗ್ಗುಲಿಗೆ ಹೊರಳಿದರೆ ನಾಲಗೆ ಪಕ್ಕಕ್ಕೆ ವಾಲಿ ದಾರಿ ತೆರೆದುಕೊಳ್ಳುತ್ತದೆ. ಉಸಿರೇ ಕಟ್ಟುವ ಸ್ಲೀಪ್ ಅಪ್ನಿಯಾದಲ್ಲೂ ಹೀಗೆಯೇ. ಅಂಗಾತ ಮಲಗಿದಾಗ ಉಸಿರು ಕಟ್ಟುವ ಸಲಗಳು ಮಗ್ಗುಲಾಗಿದ್ದಾಗಿನ ಕನಿಷ್ಠ ಎರಡರಷ್ಟು ಇರುವವರನ್ನು ಪ್ರತ್ಯೇಕ ಗುಂಪಾಗಿ ನೋಡಬೇಕೆಂದು ಅಮೆರಿಕದ ನಿದ್ರಾ ಸಂಶೋಧಕಿ ರೊಸಾಲಿಂಡ್ ಕಾರ್ಟ್‌ರೈಟ್ 1984ರಲ್ಲಿ ಸೂಚಿಸಿದರು. ಆ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ, ಅಪ್ನಿಯಾ ಇರುವವರಲ್ಲಿ ಅರ್ಧದಷ್ಟು ಅಥವಾ ಇನ್ನೂ ಹೆಚ್ಚು ಮಂದಿ ಈ ಗುಂಪಿಗೆ ಸೇರುತ್ತಾರೆ.

ಬಲ ಮಗ್ಗುಲಿನಲ್ಲಿ ಅಪ್ನಿಯಾ ಎಡಕ್ಕಿಂತ ತುಸು ಕಡಿಮೆ ಎಂದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಆ ಅಂತರ ಚಿಕ್ಕದು. ಎದೆಯುರಿ ಇರುವವರು ಅದಕ್ಕಾಗಿ ಎಡವನ್ನು ಬಿಡಬೇಕಿಲ್ಲ.

ಎಡ ಬಲ ನಿಜವಾಗಿಯೂ ಗೊರಕೆಯನ್ನು ಬದಲಿಸುವ ಒಂದು ಸಂದರ್ಭವಿದೆ. ಅದು ಮೂಗಿನದು. ಮಗ್ಗುಲಾಗಿ ಮಲಗಿದಾಗ ಕೆಳಗಿನ ಹೊಳ್ಳೆಯ ಒಳಪದರ ಊದಿಕೊಂಡು ಅದು ಮುಚ್ಚುತ್ತದೆ, ಮೇಲಿನ ಹೊಳ್ಳೆ ತೆರೆದುಕೊಳ್ಳುತ್ತದೆ. ಎರಡೂ ಹೊಳ್ಳೆ ಸಮನಾಗಿರುವವರಿಗೆ ಇದು ಗೊತ್ತೇ ಆಗುವುದಿಲ್ಲ. ಮೂಗಿನ ನಡುಗೋಡೆ ಸೊಟ್ಟಗಿರುವವರಿಗೆ ಗೊತ್ತಾಗುತ್ತದೆ. ಒಬ್ಬ ಮಹಿಳೆಯ ಉದಾಹರಣೆ ಹೇಳುತ್ತೇನೆ. ಎದೆಯುರಿಗಾಗಿ ಎಡಕ್ಕೆ ಮಲಗಲು ಶುರುಮಾಡಿದ ಮೇಲೆ ಅವರ ಹುಳಿ ನೀರು ನಿಂತಿತು, ಗೊರಕೆ ಹೊಸದಾಗಿ ಶುರುವಾಯಿತು, ಬೆಳಿಗ್ಗೆ ಬಾಯಿ ಒಣಗಿ ಅಂಟಿಕೊಳ್ಳುತ್ತಿತ್ತು. ಕೂರಿಸಿ ಒಂದೊಂದೇ ಹೊಳ್ಳೆ ಮುಚ್ಚಿ ಉಸಿರಾಡಿಸಿದರೆ ಬಲ ಹೊಳ್ಳೆಯಿಂದ ಗಾಳಿ ಸಿಳ್ಳೆಯಂತೆ ಕಷ್ಟದಲ್ಲಿ ಹೋಗುತ್ತಿತ್ತು. ನಡುಗೋಡೆ ಬಲಕ್ಕೆ ವಾಲಿತ್ತು. ಅವರು ಎಡಕ್ಕೆ ಮಲಗಿದಾಗ ಚೆನ್ನಾಗಿದ್ದ ಎಡ ಹೊಳ್ಳೆ ಕೆಳಗಾಗಿ ಮುಚ್ಚುತ್ತಿತ್ತು, ಉಳಿದದ್ದು ಮೊದಲೇ ಕಿರಿದಾದ ಬಲ ಹೊಳ್ಳೆ. ಬಾಯಿ ತೆರೆದು ಉಸಿರಾಡದೆ ಬೇರೆ ದಾರಿ ಇರಲಿಲ್ಲ. ಹೊಟ್ಟೆ ಎಡ ಬೇಡುತ್ತಿತ್ತು, ಮೂಗು ಬಲ ಬೇಡುತ್ತಿತ್ತು.

ಇಂಥ ಜಗಳವನ್ನು ಸಮಯದಿಂದ ಬಿಡಿಸಬಹುದು. ಹೊಟ್ಟೆ ತುಂಬಿರುವುದು ರಾತ್ರಿಯ ಮೊದಲ ಭಾಗದಲ್ಲಿ, ಆಮ್ಲ ಮೇಲೇರುವುದೂ ಹೆಚ್ಚಾಗಿ ಆಗಲೇ. ಆ ಮಹಿಳೆ ಮಲಗುವ ಮುನ್ನ ಉಪ್ಪುನೀರಿನಿಂದ ಮೂಗು ತೊಳೆದು, ಮಂಚ ಎತ್ತರಿಸಿಕೊಂಡು, ಎಡಕ್ಕೆ ಮಲಗುವಂತೆ ಮಾಡಿದೆವು. ನಡುರಾತ್ರಿ ಒಮ್ಮೆ ತಾನಾಗಿ ಎಚ್ಚರವಾದಾಗ ಬಲಕ್ಕೆ ಹೊರಳಲು ಅವರಿಗೆ ಹೇಳಿದ್ದೆ. ಎದೆಯುರಿ ಮರುಕಳಿಸಲಿಲ್ಲ, ಬೆಳಗಿನ ಬಾಯಿ ಒಣಗುವುದು ಕಡಿಮೆಯಾಯಿತು. ಮೂಗಿಗೆ ಸ್ಪ್ರೇ ಸಾಕೋ ಶಸ್ತ್ರಚಿಕಿತ್ಸೆ ಬೇಕೋ ಎಂಬುದನ್ನು ಕಿವಿ ಮೂಗು ಗಂಟಲಿನ ತಜ್ಞರಿಗೆ ಬಿಟ್ಟೆವು. ನೀವೂ ಈ ಹೊಳ್ಳೆಯ ಪರೀಕ್ಷೆ ಮಾಡಿಕೊಳ್ಳಿ. ನಿಮ್ಮ ಕಿರಿದಾದ ಹೊಳ್ಳೆ ಎಡದ್ದಾಗಿದ್ದರೆ ಒಳ್ಳೆಯದೇ ಆಯಿತು, ಎಡಕ್ಕೆ ಮಲಗಿದಾಗ ಅದು ಕೆಳಗಾಗಿ ಚೆನ್ನಾಗಿರುವ ಬಲ ಹೊಳ್ಳೆ ತೆರೆದಿರುತ್ತದೆ. ಬಲದ್ದಾಗಿದ್ದರೆ ಆ ಮಹಿಳೆ ಮಾಡಿದ್ದನ್ನೇ ಮಾಡಿ.

ಇದೆಲ್ಲ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದಕ್ಕೆ ಎರಡು ವಾರ ಕೊಡಿ. ಮೊದಲ ವಾರ ಈಗ ಹೇಗೆ ಮಲಗುತ್ತೀರೋ ಹಾಗೆಯೇ ಮಲಗಿ, ಎರಡನೆಯ ವಾರ ದಿಂಬುಗಳೊಂದಿಗೆ ಎಡಕ್ಕೆ. ಊಟದ ಹೊತ್ತು, ಔಷಧದ ಹೊತ್ತು ಎರಡೂ ವಾರ ಒಂದೇ ಇರಲಿ. ಇಲ್ಲವಾದರೆ ಯಾವುದರಿಂದ ಏನಾಯಿತೆಂದು ಹೇಳಲಾಗುವುದಿಲ್ಲ. ಮಂಚ ಎತ್ತರಿಸುವುದನ್ನೂ ಮೂರನೆಯ ವಾರಕ್ಕೆ ಇಟ್ಟುಕೊಳ್ಳಿ. ಬೆಳಿಗ್ಗೆ ಎದ್ದಾಗ ನಾಲ್ಕು ಸಂಗತಿ ಬರೆದಿಡಿ: ರಾತ್ರಿ ಹುಳಿಯಿಂದ ಎಷ್ಟು ಸಲ ಎಚ್ಚರವಾಯಿತು, ಆಗ ಯಾವ ಮಗ್ಗುಲಿನಲ್ಲಿದ್ದಿರಿ, ಎದ್ದಾಗ ಬಾಯಿ ಹುಳಿಯಾಗಿತ್ತೇ, ಧ್ವನಿ ಒಡೆದಿತ್ತೇ. ಕೊನೆಯದನ್ನು ಬಹಳ ಜನ ಕಡೆಗಣಿಸುತ್ತಾರೆ. ಎದೆ ಉರಿಯದೆಯೇ ಗಂಟಲಿನವರೆಗೆ ಬರುವ ಆಮ್ಲ ಬೆಳಗಿನ ಗೊಗ್ಗರು ಧ್ವನಿಯಾಗಿ, ರಾತ್ರಿಯ ಒಣಕೆಮ್ಮಾಗಿ ಕಾಣಿಸಿಕೊಳ್ಳಬಹುದು.

ನೀವು ಆಮ್ಲ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಗ್ಗುಲು ಹೊಂದಿತೆಂದು ಅದನ್ನು ನೀವಾಗಿ ನಿಲ್ಲಿಸಬೇಡಿ. ಮಾತ್ರೆ ಆಮ್ಲದ ಖಾರವನ್ನು ಇಳಿಸುತ್ತದೆ, ದ್ರವ ಮೇಲೇರುವುದನ್ನು ತಡೆಯುವುದಿಲ್ಲ. ಮಗ್ಗುಲು ಏರಿದ ದ್ರವವನ್ನು ಬೇಗ ಇಳಿಸುತ್ತದೆ, ಆಮ್ಲ ಉತ್ಪತ್ತಿಯನ್ನು ತಗ್ಗಿಸುವುದಿಲ್ಲ. ಹೀಗಾಗಿ ಎರಡೂ ಜೊತೆಯಾಗಿ ನಡೆಯಬಹುದು. ಒಮೆಪ್ರಝೋಲ್, ಪ್ಯಾಂಟೊಪ್ರಝೋಲ್ ಥರದ ಮಾತ್ರೆಗಳನ್ನು ಆಹಾರಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಮಲಗುವಾಗ ನುಂಗಿದರೆ ಅವುಗಳ ಪರಿಣಾಮ ಕುಗ್ಗುತ್ತದೆ.

ನುಂಗುವಾಗ ಆಹಾರ ಎದೆಯಲ್ಲಿ ಸಿಕ್ಕಿಕೊಂಡಂತಾದರೆ, ಕಾರಣವಿಲ್ಲದೆ ತೂಕ ಇಳಿದರೆ, ವಾಂತಿಯಲ್ಲಿ ರಕ್ತ ಅಥವಾ ಮಲ ಟಾರಿನಂತೆ ಕಪ್ಪಾದರೆ ಎರಡು ವಾರದ ಪ್ರಯೋಗ ಬೇಡ, ತಡಮಾಡದೆ ವೈದ್ಯರನ್ನು ಕಾಣಿ, ಎಂಡೋಸ್ಕೋಪಿ ಬೇಕಾಗಬಹುದು. ನಡೆದಾಗ, ಮೆಟ್ಟಿಲು ಹತ್ತಿದಾಗ ಬಂದು ನಿಂತಾಗ ಹೋಗುವ ಎದೆಯುರಿ ಹೊಟ್ಟೆಯದಾಗಿರದೆ ಹೃದಯದ್ದಾಗಿರಬಹುದು. ಅದನ್ನು ಅಂದೇ ತೋರಿಸಬೇಕು.

ಗೊರಕೆಯ ವಿಷಯದಲ್ಲಿ ನಿಮ್ಮ ಮನೆಯವರನ್ನು ಒಂದು ಪ್ರಶ್ನೆ ಕೇಳಿ: ಗೊರಕೆಯ ನಡುವೆ ಸದ್ದು ಪೂರ್ತಿ ನಿಂತು, ಹತ್ತು ಸೆಕೆಂಡೋ ಇನ್ನೂ ಹೆಚ್ಚೋ ಕಳೆದ ಮೇಲೆ ಏದುಸಿರಿನೊಂದಿಗೆ ಮತ್ತೆ ಶುರುವಾಗುತ್ತದೆಯೇ? ಹೌದಾದರೆ, ಹಗಲಿನಲ್ಲಿ ತೂಕಡಿಕೆಯೂ ಇದ್ದರೆ, ಅದು ಅಪ್ನಿಯಾ ಇರಬಹುದು. ಅದಕ್ಕೂ ಎದೆಯುರಿಗೂ ನಂಟಿದೆ. ಮುಚ್ಚಿದ ಗಂಟಲಿನ ವಿರುದ್ಧ ಉಸಿರೆಳೆಯುವ ಪ್ರತಿ ಪ್ರಯತ್ನದಲ್ಲೂ ಎದೆಯೊಳಗಿನ ಒತ್ತಡ ಕುಸಿದು ಜಠರದ ದ್ರವವನ್ನು ಮೇಲಕ್ಕೆ ಸೆಳೆಯುವಂತಾಗುತ್ತದೆ. ಅಪ್ನಿಯಾಕ್ಕೆ, ಮುಖವಾಡದ ಮೂಲಕ ಒತ್ತಡದ ಗಾಳಿ ಊದುವ ಸಿಪ್ಯಾಪ್ ಯಂತ್ರ ಹಾಕಿಕೊಂಡ ಹಲವರ ರಾತ್ರಿಯ ಎದೆಯುರಿಯೂ ಇಳಿಯುವುದುಂಟು. ನಿದ್ರಾ ಪರೀಕ್ಷೆ ಮಾಡಿಸುವುದಾದರೆ, ಮೈಯ ಭಂಗಿಯನ್ನೂ ದಾಖಲಿಸುವ ಪರೀಕ್ಷೆಯೇ ಬೇಕೆಂದು ಮೊದಲೇ ಹೇಳಿ. ವರದಿ ಬಂದಾಗ ಗಂಟೆಗೆ ಎಷ್ಟು ಸಲ ಉಸಿರು ಕಟ್ಟಿತು ಎಂಬ ಒಟ್ಟು ಸಂಖ್ಯೆಯ ಜೊತೆಗೆ ಅಂಗಾತ, ಎಡ, ಬಲ ಎಂದು ಬೇರೆ ಬೇರೆ ಅಂಕಿಗಳಿವೆಯೇ ನೋಡಿ. ಗಂಟೆಗೆ 5ರೊಳಗಿದ್ದರೆ ಸಹಜ, 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ಎಡ ಮಗ್ಗುಲಿನ ಅಂಕಿ 5ಕ್ಕಿಂತ ಕಡಿಮೆಯಿದ್ದು ಅಂಗಾತದ್ದು ಮಾತ್ರ ಹೆಚ್ಚಿದ್ದರೆ, ಬೆನ್ನ ಹಿಂದಿನ ದಿಂಬಿನ ಮೇಲೆ ಭರವಸೆ ಇಡಬಹುದೇ ಎಂದು ನಿಮ್ಮ ವೈದ್ಯರೊಂದಿಗೆ ಮಾತಾಡಿ. ಎಡಕ್ಕೆ ಮಲಗಿದಾಗಲೂ ಅಂಕಿ 15 ದಾಟಿದ್ದರೆ ದಿಂಬನ್ನೇ ನಂಬಿ ಕೂರಬೇಡಿ, ಚಿಕಿತ್ಸೆ ಶುರುಮಾಡಿಸಿಕೊಳ್ಳಿ.